ಮನಃಶಾಸ್ತ್ರ ಎಂ.ಎ. ಪ್ರವೇಶಕ್ಕಾಗಿ ಉದ್ದೇಶ ನಿರೂಪಣೆ

ಮಾನ್ಯ ಪ್ರವೇಶ ಸಮಿತಿಯವರಿಗೆ,

ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನಾನು 2022ರ ಮಳೆಗಾಲದಿಂದ ಸುಮಾರು ಐದು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಆಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಓದಿದ ಪುಟ ತಲೆಗೆ ಹೋಗುತ್ತಿರಲಿಲ್ಲ, ಗೆಳತಿಯರ ಫೋನ್ ಎತ್ತುತ್ತಿರಲಿಲ್ಲ, ಊಟಕ್ಕೆ ಕರೆದರೆ ಬಂದು ಬಾಳೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದೆ. "ಕೂಸಿಗೆ ಎಂತದೋ ಮಂಡೆಬಿಶಿ ಆಜು" ಎಂದು ಅಜ್ಜಿ ಹೇಳಿದ ಮಾತೇ ಆ ದಿನಗಳ ಬಗ್ಗೆ ನನ್ನ ಬಳಿ ಇರುವ ಏಕೈಕ ಹೆಸರು. ನಂತರ ಮೂರು ಬಾರಿ ಭೇಟಿಯಾದ ಆಪ್ತಸಮಾಲೋಚಕಿ ಯಾವ ಕಾಯಿಲೆಯ ಹೆಸರನ್ನೂ ಹೇಳಲಿಲ್ಲ. ಪಠ್ಯದಲ್ಲಿ ಓದಿದ ಲಕ್ಷಣಗಳನ್ನು ನನಗೆ ಹೊಂದಿಸಿಕೊಂಡು ಒಂದು ಹೆಸರು ಇಟ್ಟುಕೊಳ್ಳುವ ಅಧಿಕಾರ ನನಗಿಲ್ಲವೆಂದು ತಿಳಿದಿದ್ದೇನೆ. ನಿದ್ದೆ ಮರಳಿದ್ದು ಆ ಭೇಟಿಗಳಿಂದಲೋ, ಮನೆಯವರು ಪರೀಕ್ಷೆಯ ಮಾತು ಬಿಟ್ಟಿದ್ದರಿಂದಲೋ, ಬರಿದೇ ದಿನ ಕಳೆದದ್ದರಿಂದಲೋ ಎಂದು ಹೇಳಲು ಆಧಾರವೂ ಇಲ್ಲ.

ಆದರೆ ಒಂದು ಸಂಗತಿ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ. "ನಿನಗೇನಾಗಿದೆ?" ಎಂದು ಎಲ್ಲರೂ ಕೇಳುತ್ತಿದ್ದಾಗ ಆ ಸಮಾಲೋಚಕಿ "ಬೆಳಗಾಗುವ ಮುಂಚೆ ಎಚ್ಚರವಿರುವಾಗ ಏನೇನು ಕೇಳಿಸುತ್ತದೆ?" ಎಂದು ಕೇಳಿದರು. ಮಾಡಿನಿಂದ ಬೀಳುವ ನೀರು, ಕೊಟ್ಟಿಗೆಯ ಗಂಟೆ, ಅಪ್ಪ ಎದ್ದು ಆಕಾಶ ನೋಡಲು ಬಾಗಿಲು ತೆಗೆಯುವ ಸದ್ದು ಎಂದೆ. ವಾರಗಟ್ಟಲೆ ಆಡದಷ್ಟು ಮಾತು ಅಂದು ಆಡಿದೆ.

ಕೊನೆಯ ವರ್ಷದ ಕಿರು ಅಧ್ಯಯನ ಹುಟ್ಟಿದ್ದು ಈ ನೆನಪಿನಿಂದ. ಕೊಳೆರೋಗದ ಕಾಲದಲ್ಲಿ, ಒಪ್ಪಿಗೆ ಪಡೆದು, ಹನ್ನೊಂದು ಬೆಳೆಗಾರರ ಜೊತೆ ಮಾತನಾಡಿದೆ. ಮಳೆ ಹೊಳವಾಗದೆ ಬೋರ್ಡೋ ಸಿಂಪಡಣೆ ತಪ್ಪಿದ್ದು, ಮರ ಹತ್ತಿ ಸಿಂಪಡಿಸುವ ಕೊನೆಗೌಡ ಸಿಗದಿದ್ದದ್ದು, ಸಾಲ, ನಿದ್ದೆಗೇಡು, ಎಲ್ಲಕ್ಕೂ ಅವರಲ್ಲಿ ಮಂಡೆಬಿಶಿ ಎಂಬ ಒಂದೇ ಪದವಿತ್ತು. ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತದೆ; ಅವರಲ್ಲೊಬ್ಬರು "ಪುನರ್ವಸು ಮಳೆ ಹಿಡಿದಾಗಿನಿಂದ ನಿದ್ದೆ ಇಲ್ಲ" ಎಂದರು. ಒಂದು ಮಳೆ ನಕ್ಷತ್ರದ ಅವಧಿಯೂ ಹೆಚ್ಚುಕಡಿಮೆ ಎರಡು ವಾರವೇ ಎಂಬುದು ಆಗ ಹೊಳೆಯಿತು. ಅವರ ಕಾಲದ ಲೆಕ್ಕದಲ್ಲೇ ಕೇಳಿದ್ದರೆ ಉತ್ತರ ಹೆಚ್ಚು ಸ್ಪಷ್ಟವಾಗುತ್ತಿತ್ತೇನೋ. ಹನ್ನೊಂದು ಜನರ ಮಾತಿನಿಂದ ಅದನ್ನು ಸಾಬೀತುಮಾಡಲು ಬರುವುದಿಲ್ಲ.

ಅದಕ್ಕೆ ಬೇಕಾದ ಮಾಪನ ಮತ್ತು ಸಂಶೋಧನಾ ವಿಧಾನಗಳ ಶಿಸ್ತು ನನ್ನಲ್ಲಿ ಇನ್ನೂ ಇಲ್ಲ, ಅದನ್ನು ಕಲಿಯಲೆಂದೇ ಅರ್ಜಿ ಸಲ್ಲಿಸುತ್ತಿದ್ದೇನೆ. ನನ್ನ ಅನುಭವ ಇನ್ನೊಬ್ಬರ ಸಂಕಟಕ್ಕೆ ಅಳತೆಗೋಲಾಗಬಾರದು ಎಂಬ ಎಚ್ಚರ ನನಗಿದೆ. ಮೇಲ್ವಿಚಾರಣೆಯಲ್ಲಿ ನಡೆಯುವ ಕ್ಷೇತ್ರಕಾರ್ಯದಲ್ಲಿ ಆ ಎಚ್ಚರವನ್ನು ತಿದ್ದಿಸಿಕೊಳ್ಳಲು ಬಯಸುತ್ತೇನೆ. ಅವಕಾಶ ಸಿಕ್ಕರೆ ಪ್ರಬಂಧಕ್ಕಾಗಿ ಘಟ್ಟದ ಮೇಲಿನ ತೋಟಗಳ ಜೊತೆಗೆ ಕಾರವಾರದ ಮೀನುಗಾರ ಕುಟುಂಬಗಳಲ್ಲಿ, ಜೂನ್ ಮತ್ತು ಜುಲೈ ತಿಂಗಳುಗಳ ಮೀನುಗಾರಿಕೆ ನಿಷೇಧದ ದಿನಗಳಲ್ಲಿ, ಮನಸ್ಸಿನ ಭಾರವನ್ನು ಯಾವ ಮಾತುಗಳಲ್ಲಿ ಹೇಳುತ್ತಾರೆ ಎಂದು ದಾಖಲಿಸಬೇಕೆಂದಿದ್ದೇನೆ.