ಸಮ್ಮತಿ ಸಾಮರ್ಥ್ಯದ ಪರೀಕ್ಷೆ ಮತ್ತು ಸಮ್ಮತಿ ಮಾತುಕತೆಯ ದಾಖಲೆ

ಮಂಗಳೂರು, 30-07-2025, ಬುಧವಾರ
ಮಹಿಳೆಯರ ಶಸ್ತ್ರಚಿಕಿತ್ಸಾ ವಾರ್ಡ್, ಕಿಟಕಿ ಪಕ್ಕದ ಮಂಚ
ಬರೆದವರು: ಮನೋವೈದ್ಯ. ರೋಗಿಯ ಹೆಸರು ಮತ್ತು ಒಳರೋಗಿ ಸಂಖ್ಯೆ ಫೈಲಿನ ಮೊದಲ ಪುಟದಲ್ಲಿವೆ.

ಈ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದಿದ್ದೇನೆ. ತಾಯಿಯ ಬಗ್ಗೆ ಬರೆದದ್ದನ್ನು ತಾವೇ ಓದಬೇಕೆಂದು ಮಗಳು ಕೇಳಿದರು. ಅದು ನ್ಯಾಯವಾದ ಬೇಡಿಕೆ.

ಯಾಕೆ ಕರೆದರು

79 ವರ್ಷದ ಮಹಿಳೆ, ಕಿನ್ನಿಗೋಳಿ ಕಡೆಯವರು, ವಿಧವೆ. ನಲವತ್ತು ವರ್ಷ ಬೀಡಿ ಕಟ್ಟಿದವರು. ಮನೆಮಾತು ತುಳು, ಕನ್ನಡ ಅರ್ಥವಾಗುತ್ತದೆ. ಓದಿದ್ದು ಎರಡನೇ ಕ್ಲಾಸಿನವರೆಗೆ. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ ಆಲ್ಝೈಮರ್ ಎಂದು ಗುರುತಿಸಲಾಗಿದೆ, ರಾತ್ರಿ ಡೊನೆಪೆಝಿಲ್ 10 ಮಿ.ಗ್ರಾಂ. ಬಲಗಾಲಿನ ಹೆಬ್ಬೆರಳು ಕಪ್ಪಾಗಿ ಕೊಳೆತಿದೆ, ಎಕ್ಸ್‌ರೇಯಲ್ಲಿ ತುದಿಯ ಮೂಳೆಗೂ ಸೋಂಕು ತಗಲಿದೆ. ಪಾದಕ್ಕೆ ರಕ್ತ ಹರಿಯುತ್ತಿರುವುದರಿಂದ ಬೆರಳು ತೆಗೆದರೆ ಗಾಯ ಮಾಯುವ ಸಾಧ್ಯತೆ ಚೆನ್ನಾಗಿದೆ ಎಂದು ಶಸ್ತ್ರಚಿಕಿತ್ಸಕರು ಬರೆದಿದ್ದಾರೆ. ಎರಡು ಮೂರು ದಿನ ಕಾಯಬಹುದು, ಅದಕ್ಕಿಂತ ಹೆಚ್ಚು ಬೇಡ ಎಂದೂ ಸೂಚಿಸಿದ್ದಾರೆ.

ಹಿರಿಯ ಮಗ ಸಮ್ಮತಿ ಪತ್ರಕ್ಕೆ ತಾವು ಸಹಿ ಹಾಕಲು ಸಿದ್ಧರಿದ್ದರು. "ಅಮ್ಮನಿಗೆ ಇವತ್ತು ಯಾವ ವಾರ ಅಂತ ಗೊತ್ತಿಲ್ಲ ಡಾಕ್ಟ್ರೇ, ಅವರನ್ನು ಯಾಕೆ ಹೆದರಿಸುವುದು?" ಎಂದರು. ತಾಯಿಯ ಮೇಲಿನ ಕಾಳಜಿಯಿಂದಲೇ ಬಂದ ಮಾತು ಅದು. ಆದರೆ ವಾರ ಗೊತ್ತಿಲ್ಲದವರಿಗೆ ತಮ್ಮ ಬೆರಳಿನ ವಿಷಯವೂ ಗೊತ್ತಾಗುವುದಿಲ್ಲ ಎಂದು ಹೇಳಲು ಬರುವುದಿಲ್ಲ. ನನ್ನ ಮುಂದಿದ್ದ ಪ್ರಶ್ನೆ ಒಂದೇ: ಬಲಗಾಲಿನ ಹೆಬ್ಬೆರಳು ತೆಗೆಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಇವರು ಈಗ ತಾವೇ ತೀರ್ಮಾನಿಸಬಲ್ಲರೇ?

28ರ ಸಂಜೆ ಯಾಕೆ ಪರೀಕ್ಷೆ ಮಾಡಲಿಲ್ಲ

ಸೋಮವಾರ ಸಂಜೆ 6ಕ್ಕೆ ನೋಡಿದಾಗ ತೂಕಡಿಸುತ್ತಿದ್ದರು, ನಡುನಡುವೆ ಎಚ್ಚೆತ್ತು ಗೋಡೆಯ ಮೇಲೆ ಇರುವೆ ಹರಿಯುತ್ತಿದೆ ಎನ್ನುತ್ತಿದ್ದರು. ಒಂದು ಪ್ರಶ್ನೆ ಮುಗಿಯುವವರೆಗೂ ಗಮನ ನಿಲ್ಲುತ್ತಿರಲಿಲ್ಲ. ಎರಡು ದಿನದಲ್ಲಿ ಹೀಗಾದದ್ದು ಎಂದು ಮಗಳು ಹೇಳಿದರು. ಇದು ಹಳೆಯ ಮರೆವಲ್ಲ, ಸೋಂಕಿನಿಂದ ಬಂದ ತಾತ್ಕಾಲಿಕ ಗೊಂದಲ. ಆಗ ರಕ್ತದ ಸೋಡಿಯಂ 126, ಸಕ್ಕರೆ 340. ಆ ಹೊತ್ತಿನಲ್ಲಿ ಪರೀಕ್ಷಿಸಿ "ಸಾಮರ್ಥ್ಯವಿಲ್ಲ" ಎಂದು ಬರೆದಿದ್ದರೆ ಸೋಂಕಿನ ತಪ್ಪನ್ನು ಅವರ ತಲೆಗೆ ಕಟ್ಟಿದಂತಾಗುತ್ತಿತ್ತು. ಆಂಟಿಬಯೋಟಿಕ್, ಇನ್ಸುಲಿನ್ ಮುಂದುವರಿಸಿ, ಸೋಡಿಯಂ ನಿಧಾನಕ್ಕೆ ಸರಿಪಡಿಸಿ ಕಾಯಲು ಶಸ್ತ್ರಚಿಕಿತ್ಸಕರು ಒಪ್ಪಿದರು. ಇಂದು ಬೆಳಿಗ್ಗೆ ಸೋಡಿಯಂ 133, ಸಕ್ಕರೆ 162, ಜ್ವರವಿಲ್ಲ. ಗಮನ ನಿಲ್ಲುತ್ತದೆ. ಗೊಂದಲ ಇಳಿದಿದೆ, ಮರೆವು ಮೊದಲಿನಷ್ಟೇ ಇದೆ.

ಇಂದಿನ ಸಿದ್ಧತೆ

ಇವರಿಗೆ ಬೆಳಗ್ಗಿನ ಹೊತ್ತೇ ಒಳ್ಳೆಯದು, ಸಂಜೆಯಾದಂತೆ ಕಂಗಾಲಾಗುತ್ತಾರೆ ಎಂದು ಮಗಳು ಹೇಳಿದ್ದರಿಂದ 7.30ಕ್ಕೆ, ಗಂಜಿ ಉಂಡ ಮೇಲೆ ಕುಳಿತೆವು. ಕಿವಿ ಯಂತ್ರದ ಬ್ಯಾಟರಿ ಮುಗಿದಿತ್ತು, ಬದಲಿಸಿದೆವು. (ಎರಡು ದಿನ ಎಲ್ಲರೂ ಅವರನ್ನು "ಏನೂ ಅರ್ಥವಾಗುವುದಿಲ್ಲ" ಎಂದದ್ದರಲ್ಲಿ ಈ ಬ್ಯಾಟರಿಯ ಪಾಲೂ ಇದೆ. ಮುಂದಿನ ಪಾಳಿಯವರು ದಯವಿಟ್ಟು ಗಮನಿಸಿ.) ಕನ್ನಡಕ ಹಾಕಿಸಿದೆವು, ಟಿ.ವಿ. ನಿಲ್ಲಿಸಿದೆವು, ಪರದೆ ಎಳೆದೆವು.

ನನಗೆ ತುಳು ಅರ್ಥವಾಗುತ್ತದೆ, ನಿರರ್ಗಳವಾಗಿ ಆಡಲು ಬರುವುದಿಲ್ಲ. ವಾರ್ಡಿನ ತುಳು ಮಾತಾಡುವ ಸಿಸ್ಟರ್ ನನ್ನ ಮಾತನ್ನು ದಾಟಿಸಿದರು. ಮಗಳನ್ನು ಈ ಕೆಲಸಕ್ಕೆ ಬಳಸಲಿಲ್ಲ, ಅವರು ಅಮ್ಮನ ಪರವಾಗಿ ತಾವೇ ಉತ್ತರ ಕೊಟ್ಟುಬಿಡುತ್ತಾರೆ. ಮೊದಲ ಇಪ್ಪತ್ತು ನಿಮಿಷ ಮಕ್ಕಳು ಹೊರಗಿದ್ದರು. ಆಮೇಲೆ ರೋಗಿಯೇ ಮಗಳನ್ನು ಕರೆಸಿಕೊಂಡರು.

ಮಾತುಕತೆ

ವರ್ಷ ಕೇಳಿದರೆ ನಕ್ಕು ಸುಮ್ಮನಾದರು. ತಿಂಗಳು ಕೇಳಿದಾಗ "ಆಟಿ" ಎಂದರು, ಅಮಾವಾಸ್ಯೆ ಕಳೆಯಿತು, ಪಾಲೆ ಮರದ ಕಷಾಯ ಕುಡಿದಾಯಿತು ಎಂದೂ ಸೇರಿಸಿದರು. ಸರಿಯಾಗಿದೆ. ಆಸ್ಪತ್ರೆ ಎಂದು ಗೊತ್ತು, ಯಾವ ಊರಿನದೆಂದು ಗೊತ್ತಿಲ್ಲ. ಮೂರು ತಿಂಗಳ ಹಿಂದಿನ ಜ್ಞಾಪಕ ಪರೀಕ್ಷೆಯಲ್ಲಿ 30ಕ್ಕೆ 14 ಅಂಕ ಬಂದಿತ್ತು. ಅದರಲ್ಲಿ ಓದು ಬರಹದ ಪ್ರಶ್ನೆಗಳಿವೆ, ಎರಡನೇ ಕ್ಲಾಸಿನವರಿಗೆ ಅವು ಅಳತೆಯಲ್ಲ. ಇಂದಿನ ತೀರ್ಮಾನಕ್ಕೆ ಆ ಅಂಕವನ್ನು ಆಧಾರವಾಗಿ ಇಟ್ಟುಕೊಂಡಿಲ್ಲ.

ಅವರದೇ ಕಾಲನ್ನು ತೋರಿಸಿ, ಕಾಗದದಲ್ಲಿ ಪಾದದ ಚಿತ್ರ ಬರೆದು, ಒಂದೊಂದೇ ವಾಕ್ಯ ಹೇಳಿದೆವು. ಹೆಬ್ಬೆರಳು ಸತ್ತಿದೆ, ಔಷಧಿಯಿಂದ ಅದು ಮತ್ತೆ ಜೀವ ಪಡೆಯುವುದಿಲ್ಲ. ದಾರಿ ಮೂರಿವೆ: ಬೆರಳು ತೆಗೆಯುವುದು, ಬರೀ ಔಷಧಿ ಮತ್ತು ಡ್ರೆಸ್ಸಿಂಗ್‌ನಲ್ಲಿ ಮುಂದುವರಿಯುವುದು, ಏನೂ ಮಾಡದಿರುವುದು. ತೆಗೆದರೆ ನೋವು, ರಕ್ತ, ಗಾಯ ಮಾಯದೆ ಇರುವುದು, ಮತ್ತೊಮ್ಮೆ ಆಪರೇಷನ್ ಬೇಕಾಗುವುದು, ಕೆಲವು ದಿನ ಗೊಂದಲ ಹೆಚ್ಚಾಗುವುದು, ಹೃದಯಕ್ಕೆ ತೊಂದರೆ, ಅಪರೂಪಕ್ಕೆ ಜೀವಕ್ಕೆ ಅಪಾಯ, ಇವೆಲ್ಲ ಸಾಧ್ಯ. ಪಾದಕ್ಕೆ ಮಾತ್ರ ಮರಗಟ್ಟಿಸುವ ಚುಚ್ಚುಮದ್ದು, ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ಮುಂದೆ ನಡೆಯಬಹುದು, ಬೇರೆ ಚಪ್ಪಲಿ ಬೇಕಾಗುತ್ತದೆ. ತೆಗೆಯದಿದ್ದರೆ ಕೊಳೆತ ಮೇಲಕ್ಕೆ ಹತ್ತಿ, ಕಾಲನ್ನೇ ತೆಗೆಯುವ ಪರಿಸ್ಥಿತಿ ಬರಬಹುದು, ನಂಜು ರಕ್ತಕ್ಕೆ ಸೇರಿ ಜೀವ ಹೋಗಬಹುದು. ಸಾವಿನ ಮಾತನ್ನು ಮುಚ್ಚಿಡಬೇಕೆಂದು ಮಗ ಕೇಳಿಕೊಂಡಿದ್ದರು. ಮುಚ್ಚಿಡಲಿಲ್ಲ. ಅದಿಲ್ಲದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ.

ಮೊದಲ ಉತ್ತರ: "ಬೊಡ್ಚಿ." ಬೇಡ.

ಇಲ್ಲಿಗೆ ನಿಲ್ಲಿಸಿದ್ದರೆ "ನಿರಾಕರಿಸಿದರು, ತಿಳಿವಳಿಕೆ ಇಲ್ಲ" ಎಂದು ಬರೆದು ಮಗನ ಸಹಿ ಪಡೆಯುವುದು ಸುಲಭವಿತ್ತು. ಯಾಕೆ ಬೇಡ ಎಂದು ಕೇಳಿದೆವು. ಗಂಡನ ಕಾಲನ್ನು ತೊಡೆಯ ಹತ್ತಿರ ಕತ್ತರಿಸಿದ್ದರು, ಮನೆಗೆ ಬಂದು ಇಪ್ಪತ್ತೇ ದಿನದಲ್ಲಿ ಹೋದರು ಎಂದರು. ನಿಜವೇ ಎಂದು ಆಮೇಲೆ ಮಗಳಲ್ಲಿ ವಿಚಾರಿಸಿದೆ: ನಿಜ, ಹದಿನೈದು ವರ್ಷದ ಹಿಂದಿನ ಮಾತು. ಹಾಗಾದರೆ ಅವರ "ಬೊಡ್ಚಿ"ಗೆ ಕಾರಣವಿತ್ತು. ತಪ್ಪಿದ್ದದ್ದು ಒಂದೇ ಕಡೆ, ಬೆರಳು ಎಂದದ್ದನ್ನು ಅವರು ಕಾಲು ಎಂದು ತಿಳಿದಿದ್ದರು. ಚಿತ್ರದಲ್ಲಿ ಹೆಬ್ಬೆರಳಿನ ಬುಡಕ್ಕೆ ಗೆರೆ ಎಳೆದು, ಅದೇ ಜಾಗದಲ್ಲಿ ಅವರ ಪಾದದ ಮೇಲೆ ಬೆರಳಿಟ್ಟು ಮತ್ತೆ ಹೇಳಿದೆವು.

ಬಹಳ ಹೊತ್ತು ಪಾದ ನೋಡುತ್ತಾ ಕುಳಿತರು. ಆಮೇಲೆ ಅವರಾಗಿಯೇ ಹೇಳಿದ್ದು (ಸಿಸ್ಟರ್ ದಾಟಿಸಿದಂತೆ): "ಎಲೆಯ ಕಟ್ಟಲ್ಲಿ ಒಂದು ಎಲೆ ಬೂಷ್ಟು ಹಿಡಿದರೆ ತೆಗೆದು ಬಿಸಾಡ್ತಿದ್ದೆವು. ಇಲ್ಲದಿದ್ದರೆ ಇಡೀ ಕಟ್ಟು ಹೋಗ್ತದೆ. ಇದೂ ಹಾಗೆಯೇ ಅಲ್ವಾ?" ಈ ಹೋಲಿಕೆಯನ್ನು ನಾವು ಕೊಟ್ಟದ್ದಲ್ಲ. ಪರಿಣಾಮವನ್ನು ತೂಗಿ ನೋಡಿದ್ದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ನನಗೆ ಬೇಕಿಲ್ಲ.

ಬರೀ ಹೂಂಗುಟ್ಟುತ್ತಿದ್ದಾರೆಯೇ ಎಂದು ನೋಡಲು ಪ್ರಶ್ನೆಯನ್ನು ತಿರುಗಿಸಿದೆ: "ಹಾಗಾದರೆ ಕಾಲನ್ನೇ ತೆಗೆದುಬಿಡೋಣವಾ ಅಮ್ಮ?" ಸಿಟ್ಟಾದರು. ಬೆರಳು ಅಂದದ್ದಲ್ವಾ ನೀವು ಎಂದು ಕೇಳಿದರು. ಕೊನೆಗೆ ಹೇಳಿದ ಮಾತು ಅವರದೇ ತುಳುವಿನಲ್ಲಿ: "ಬಿರೆಲ್ ಪೋವಡ್. ಕಾರ್ ಬೊಡ್ಚಿ." ಬೆರಳು ಹೋಗಲಿ, ಕಾಲು ಬೇಡ.

ಐದು ನಿಮಿಷದ ನಂತರ, ಮತ್ತೆ 8.10ಕ್ಕೆ, ಮತ್ತೆ 11ಕ್ಕೆ ಶಸ್ತ್ರಚಿಕಿತ್ಸಕರ ಎದುರು ಅದೇ ಪ್ರಶ್ನೆಗಳನ್ನು ಕೇಳಿದೆವು. 11ಕ್ಕೆ ನನ್ನ ಗುರುತಿರಲಿಲ್ಲ, ಬೆಳಿಗ್ಗೆ ಮಾತಾಡಿದ್ದೂ ನೆನಪಿರಲಿಲ್ಲ. ಮೂರು ದಾರಿಗಳಲ್ಲಿ ಔಷಧಿಯದ್ದನ್ನು ಬಿಟ್ಟರು, ಚಿತ್ರ ತೋರಿಸಿದಾಗ ಹೇಳಿದರು. ಆದರೆ ಬೆರಳು ಕೊಳೆತಿದೆ, ಬಿಟ್ಟರೆ ಮೇಲೆ ಹತ್ತುತ್ತದೆ, ತೆಗೆಸುತ್ತೇನೆ, ಕಾಲು ಕೊಡುವುದಿಲ್ಲ, ಇವು ಮೂರು ಬಾರಿಯೂ ಬದಲಾಗಲಿಲ್ಲ.

ತೀರ್ಮಾನ

ಬಲ ಹೆಬ್ಬೆರಳು ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ, ಇಂದು, ಈ ನೆರವುಗಳೊಂದಿಗೆ, ರೋಗಿಗೆ ನಿರ್ಧರಿಸುವ ಸಾಮರ್ಥ್ಯವಿದೆ. ಮಾಹಿತಿ ಅರ್ಥ ಮಾಡಿಕೊಂಡರು, ನಿರ್ಧಾರಕ್ಕೆ ಬೇಕಾದಷ್ಟು ಹೊತ್ತು ನೆನಪಿಟ್ಟುಕೊಂಡರು, ಪರಿಣಾಮ ತೂಗಿದರು, ಸ್ಪಷ್ಟವಾಗಿ ತಿಳಿಸಿದರು. ಇದು ಮಾನಸಿಕ ಕಾಯಿಲೆಯ ಚಿಕಿತ್ಸೆ ಅಲ್ಲದ್ದರಿಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನೇರವಾಗಿ ಅನ್ವಯಿಸದು. ಆದರೂ ಅದರ 4ನೇ ಕಲಮಿನ ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ನಿರ್ಧಾರ ಬೇರೆಯವರ ಕಣ್ಣಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಸಾಮರ್ಥ್ಯವಿಲ್ಲ ಎನ್ನಬಾರದು ಎಂದೂ ಆ ಕಲಮು ಹೇಳುತ್ತದೆ. ಸಾಮಾನ್ಯವಾಗಿ ಚಿತ್ತ ಸರಿ ಇಲ್ಲದವರೂ ಸರಿ ಇರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದೆಂದು 1872ರ ಕರಾರು ಕಾಯ್ದೆಯ 12ನೇ ಕಲಮು ಒಪ್ಪುತ್ತದೆ. ಒಪ್ಪಂದಕ್ಕೆ ಸಾಕಾಗುವ ಬೆಳಗಿನ ಹೊತ್ತು ಅವರದೇ ಬೆರಳಿಗೆ ಸಾಲದೇ?

ನ್ಯಾಯಾಲಯ ಅಥವಾ ಜಿಲ್ಲಾಡಳಿತ ನೇಮಿಸಿದ ಪೋಷಕರು ಯಾರೂ ಇಲ್ಲ, ರೋಗಿ ಮೊದಲೇ ಬರೆದಿಟ್ಟ ಸೂಚನೆಯೂ ಇಲ್ಲ ಎಂದು ಮಕ್ಕಳು ತಿಳಿಸಿದ್ದಾರೆ.

ಒಪ್ಪಿಗೆಯ ಗಡಿ

ಒಪ್ಪಿಗೆ ಹೆಬ್ಬೆರಳಿಗೆ ಮತ್ತು ಅದರ ಬುಡದ ಕೊಳೆತ ಭಾಗವನ್ನು ಶುಚಿ ಮಾಡುವುದಕ್ಕೆ ಮಾತ್ರ. ಒಳಗೆ ಸೋಂಕು ಇನ್ನೂ ಮೇಲೆ ಹೋಗಿರುವುದು ಕಂಡರೆ ಅಲ್ಲಿಗೆ ನಿಲ್ಲಿಸಿ, ಹೊರಬಂದು, ಮತ್ತೆ ಅವರನ್ನೇ ಕೇಳಬೇಕು. ಒಂದಕ್ಕೆ ಕೊಟ್ಟ ಸಮ್ಮತಿಯನ್ನು ಇನ್ನೊಂದಕ್ಕೆ ಎಳೆಯುವಂತಿಲ್ಲ, ಕಾಯಲು ಸಾಧ್ಯವೇ ಇಲ್ಲದಂತೆ ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆ ಮಾತು ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಶಸ್ತ್ರಚಿಕಿತ್ಸಕರು ಇದನ್ನು ಓದಿ ಒಪ್ಪಿದ್ದಾರೆ.

ಮುಂದೊಮ್ಮೆ ಕಾಲಿನ ಪ್ರಶ್ನೆ ಬಂದು ಆಗ ಅವರಿಗೆ ಹೇಳಲು ಆಗದಿದ್ದರೆ, ಇಂದಿನ ಮಾತನ್ನು ತೂಕಕ್ಕೆ ಇಡಬೇಕು. ಬಾವಿಕಟ್ಟೆಯವರೆಗೆ ತನ್ನ ಕಾಲಲ್ಲಿ ಹೋಗಬೇಕು, ಕುಟುಂಬದ ಕೋಲದಲ್ಲಿ ನಿಂತೇ ಗಂಧ ಪ್ರಸಾದ ತೆಗೆದುಕೊಳ್ಳಬೇಕು ಎಂಬುದು ಅವರು ಎರಡು ಸಲ ಹೇಳಿದ ಆಸೆ.

ಮಗ ಜಾಗದ ಕಾಗದಗಳಿಗೂ ಇದೇ ದಾಖಲೆ ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ. ಆಸ್ತಿಯ ವಿಷಯ ಪರೀಕ್ಷಿಸಿಲ್ಲ, ಈ ಟಿಪ್ಪಣಿಯನ್ನು ಅದಕ್ಕೆ ಬಳಸಬಾರದು.

ಸಹಿ

ಹೆಬ್ಬೆಟ್ಟು ಒತ್ತಿಸಲು ಇಂಕ್ ಪ್ಯಾಡ್ ತಂದಿದ್ದರು. ಸಹಿ ಬರುತ್ತದೆ ಎಂದು ರೋಗಿಯೇ ತಳ್ಳಿದರು. ನಾಲ್ಕು ನಿಮಿಷ ಹಿಡಿದು ಪೂರ್ತಿ ಹೆಸರು ಬರೆದರು, 11.25ಕ್ಕೆ. ಸಾಕ್ಷಿ: ತುಳುವಿನಲ್ಲಿ ದಾಟಿಸಿದ ಸಿಸ್ಟರ್. ಮಗಳು ಮತ್ತು ಮಗ ಓದಿ, ವಿಷಯ ತಿಳಿದಿದೆ ಎಂದು ಸಹಿ ಹಾಕಿದ್ದಾರೆ. ಅದು ಸಮ್ಮತಿಯ ಸಹಿ ಅಲ್ಲ. ಕುವೈತಿನಲ್ಲಿರುವ ಕಿರಿಯ ಮಗನಿಗೆ ರೋಗಿಯ ಅನುಮತಿ ಪಡೆದು ಫೋನಿನಲ್ಲಿ ತಿಳಿಸಲಾಗಿದೆ.

ಆಪರೇಷನ್ ನಾಳೆ ಬೆಳಗ್ಗಿನ ಮೊದಲ ಸರದಿಗೆ. ಥಿಯೇಟರ್ ಬಾಗಿಲಿನವರೆಗೂ ಕಿವಿ ಯಂತ್ರ, ಕನ್ನಡಕ ತೆಗೆಯಬೇಡಿ. ಹೊರಬಂದಾಗ ಮೊದಲು ಮಗಳು ಕಾಣಬೇಕು. ಒಳಗೆ ಒಯ್ಯುವ ಮುನ್ನ ಮತ್ತೊಮ್ಮೆ ಕೇಳಿ, ಕಾಲು ಎಳೆದುಕೊಂಡರೆ ಅಥವಾ ಬೇಡ ಎಂದರೆ ನಿಲ್ಲಿಸಿ ನನ್ನನ್ನು ಕರೆಯಿರಿ.

ಸೇರ್ಪಡೆ, 31-07-2025, ಬೆಳಿಗ್ಗೆ 7.50

ರಾತ್ರಿ ನಿದ್ದೆ ಮಾಡಿದ್ದಾರೆ, ಗೊಂದಲವಿಲ್ಲ. ನಾನು ಯಾರೆಂದು ಕೇಳಿದರು, ಹೇಳಿದೆ. ಇವತ್ತು ಏನು ಮಾಡುತ್ತಾರೆ ಎಂದು ಸಿಸ್ಟರ್ ಕೇಳಿದಾಗ ಹೊದಿಕೆ ಸರಿಸಿ ಹೆಬ್ಬೆರಳು ತೋರಿಸಿದರು, ಅಂಗೈಯನ್ನು ಕಣಕಾಲಿಗೆ ಅಡ್ಡ ಇಟ್ಟು ಇಲ್ಲಿಂದ ಮೇಲೆ ಬೇಡ ಎಂದರು. ಒಪ್ಪಿಗೆ ಹಾಗೆಯೇ ಇದೆ. 8.40ಕ್ಕೆ ಥಿಯೇಟರಿಗೆ.