ಏಳನೇ 'ಬಿ': ದ್ಯುತಿಸಂಶ್ಲೇಷಣೆ ಪಾಠದ ಪ್ರಶ್ನೆ ಹಾಳೆ

ಮೇಡಂ, ಸೋಮವಾರದಿಂದ ಮೂರು ದಿನ ನನಗೆ ತರಬೇತಿ ಇದೆ. 'ಬಿ' ಸೆಕ್ಷನ್‌ಗೆ ನೀವು ಹೋಗುತ್ತೀರಂತೆ. ಪಾಠ ಮುಗಿದಿದೆ, ಮನಿಪ್ಲಾಂಟ್ ಎಲೆಯ ಅಯೋಡಿನ್ ಪ್ರಯೋಗವೂ ಶುಕ್ರವಾರ ಆಯ್ತು. ಈ ಹಾಳೆ ಮಾಡಿಸಿದರೆ ಸಾಕು.

38 ಮಕ್ಕಳಿದ್ದಾರೆ. ನಾಲ್ಕೈದು ಜನ ನಾವು ಬೋರ್ಡ್ ಒರೆಸೋ ಮೊದಲೇ ಮುಂದಿನ ಪ್ರಶ್ನೆ ಕೇಳುತ್ತಾರೆ. ಇನ್ನು ಕೆಲವರು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಶಾಲೆ ಮಧ್ಯೆ ಮಧ್ಯೆ ತಪ್ಪಿದೆ, ಓದೋದು ನಿಧಾನ, ಆದರೆ ಹೊಲ ಗಿಡದ ಮಾತು ಬಂದರೆ ನಮಗೇ ಪಾಠ ಹೇಳುತ್ತಾರೆ. ಹೋದ ವರ್ಷ ಮೂರು ಬಣ್ಣದ ಬೇರೆ ಬೇರೆ ಹಾಳೆ ಮಾಡಿದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹಳದಿ ಹಾಳೆಗೆ 'ದಡ್ಡರ ಹಾಳೆ' ಅಂತ ಹೆಸರು ಬಿದ್ದಿತ್ತು. ತಪ್ಪು ನನ್ನದೇ. ಈ ಸಲ ಎಲ್ಲರಿಗೂ ಒಂದೇ ಹಾಳೆ, ವಿಷಯವೂ ಒಂದೇ, ಕೇಳುವ ರೀತಿ ಮಾತ್ರ ಮೂರು. ಎಲ್ಲಿಂದ ಶುರು ಮಾಡಬೇಕು ಅಂತ ಮಕ್ಕಳೇ ಆರಿಸಿಕೊಳ್ಳಲಿ. ಓದೋಕೆ ಕಷ್ಟ ಅನ್ನೋರಿಗೆ ನೀವು ಓದಿ ಹೇಳಿ, ಉತ್ತರ ಬಾಯಲ್ಲಿ ಹೇಳಿದರೂ ಅಂಕ ಕೊಡಿ.

ಇಲ್ಲಿಂದ ಕೆಳಗೆ ಮಕ್ಕಳಿಗೆ.

ಮನಿಪ್ಲಾಂಟ್ ಎಲೆ

ಶುಕ್ರವಾರ ಏನು ಮಾಡಿದೆವು, ನೆನಪು ಮಾಡಿಕೊಳ್ಳಿ. ಹಸಿರು, ಬಿಳಿ ಎರಡೂ ಇರುವ ಮನಿಪ್ಲಾಂಟ್ ಕುಂಡವನ್ನು ಮೂರು ದಿನ ಸ್ಟೋರ್ ರೂಮಿನ ಕತ್ತಲಲ್ಲಿ ಇಟ್ಟೆವು. ಆಮೇಲೆ ಬೆಳಗ್ಗೆಯಿಂದ ಬಿಸಿಲಿಗೆ ಇಟ್ಟು, ಒಂದು ಎಲೆ ಕಿತ್ತು, ಅದರ ಹಸಿರು ಭಾಗ ಎಲ್ಲಿದೆ ಅಂತ ಹಾಳೆ ಮೇಲೆ ಗೆರೆ ಎಳೆದುಕೊಂಡೆವು. ನೀರಲ್ಲಿ ಕುದಿಸಿ, ಸ್ಪಿರಿಟ್‌ನಲ್ಲಿ ಬಿಸಿ ಮಾಡಿದಾಗ ಎಲೆ ಬೆಳ್ಳಗಾಯ್ತು, ಸ್ಪಿರಿಟ್ ಹಸಿರಾಯ್ತು. ಕೊನೆಗೆ ಅಯೋಡಿನ್ ಹನಿ ಹಾಕಿದೆವು. ಪಿಷ್ಟ ಇದ್ದರೆ ಅಯೋಡಿನ್ ಕಡುನೀಲಿ ಆಗುತ್ತೆ.

*ನೋಡಿದ್ದನ್ನು ಹೇಳಿ.* 1) ಎಲೆಯ ಯಾವ ಭಾಗ ಕಡುನೀಲಿ ಆಯ್ತು? ಯಾವ ಭಾಗ ಆಗಲಿಲ್ಲ? ಚಿತ್ರ ಬರೆದು ಬಣ್ಣ ಹಾಕಿ. 2) ಹಾಗಾದರೆ ಪಿಷ್ಟ ಎಲ್ಲಿತ್ತು? 3) ಸ್ಪಿರಿಟ್ ಹಸಿರಾಯ್ತಲ್ಲ, ಆ ಹಸಿರಿನ ಹೆಸರೇನು: ಪಿಷ್ಟ, ಪತ್ರಹರಿತ್ತು, ಅಯೋಡಿನ್?

*ಯಾಕೆ ಅಂತ ಹೇಳಿ.* 4) ಕುಂಡವನ್ನು ಮೊದಲು ಕತ್ತಲಲ್ಲಿ ಇಡದೆ ನೇರ ಪರೀಕ್ಷೆ ಮಾಡಿದ್ದರೆ ನಮಗೆ ಏನು ಗೊಂದಲ ಆಗುತ್ತಿತ್ತು? 5) ಸ್ಪಿರಿಟ್ ಪಾತ್ರೆಯನ್ನು ನೇರ ಬೆಂಕಿ ಮೇಲೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಯಾಕೆ ಇಟ್ಟೆವು?

*ನೀವೇ ಪ್ರಯೋಗ ಮಾಡಿ.* 6) 'ಪತ್ರಹರಿತ್ತು ಬೇಕು' ಅಂತ ಈ ಪ್ರಯೋಗ ತೋರಿಸಿತು. 'ಬೆಳಕು ಬೇಕು' ಅಂತ ತೋರಿಸೋಕೆ ಪೂರ್ತಿ ಹಸಿರಿರುವ ಒಂದು ಎಲೆ, ಕಪ್ಪು ಕಾಗದ, ಎರಡು ಕ್ಲಿಪ್ ಇದ್ದರೆ ಏನು ಮಾಡುತ್ತೀರಿ? ಕೊನೆಗೆ ಎಲೆ ಹೇಗೆ ಕಾಣಬೇಕು? 7) ಬಿಳಿ ಭಾಗ ತಾನೇ ಆಹಾರ ಮಾಡದಿದ್ದರೂ ಒಣಗಿ ಉದುರಲಿಲ್ಲ. ಅದಕ್ಕೆ ಊಟ ಎಲ್ಲಿಂದ ಬರುತ್ತಿದೆ?

ಕೆಂಪು ದಂಟಿನ ಸೊಪ್ಪು

ಇದನ್ನು ಮನೆಯಲ್ಲಿ ಅಮ್ಮನೋ ಅಜ್ಜಿಯೋ ಬೇಯಿಸುವಾಗ ಪಕ್ಕದಲ್ಲಿ ನಿಂತು ನೋಡಿ.

*ನೋಡಿದ್ದನ್ನು ಹೇಳಿ.* 8) ಬೇಯಿಸಿದ ನೀರು ಯಾವ ಬಣ್ಣ ಆಯ್ತು? ಸೊಪ್ಪು ಯಾವ ಬಣ್ಣಕ್ಕೆ ತಿರುಗಿತು?

*ಯಾಕೆ ಅಂತ ಹೇಳಿ.* 9) 'ಕೆಂಪೆಲೆ ಆಹಾರ ತಯಾರಿಸಲ್ಲ' ಅಂತ ನಿಮ್ಮ ಗೆಳೆಯ ವಾದ ಮಾಡುತ್ತಾನೆ. ಆ ಪಾತ್ರೆ ತೋರಿಸಿ ಅವನಿಗೆ ಏನು ಹೇಳುತ್ತೀರಿ?

ಮರದ ತೂಕ

17ನೇ ಶತಮಾನದಲ್ಲಿ ವ್ಯಾನ್ ಹೆಲ್ಮಾಂಟ್ ಎಂಬಾತ ಒಣಗಿಸಿ ತೂಗಿದ ಸುಮಾರು 90 ಕೆಜಿ ಮಣ್ಣಿನಲ್ಲಿ ಸುಮಾರು 2.3 ಕೆಜಿಯ ಒಂದು ವಿಲೋ ಗಿಡ ನೆಟ್ಟ. 5 ವರ್ಷ ಬರೀ ನೀರು ಹಾಕಿದ. ಆಮೇಲೆ ತೂಗಿದರೆ ಮರ ಸುಮಾರು 77 ಕೆಜಿ. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದು ಸುಮಾರು 57 ಗ್ರಾಂ ಅಷ್ಟೇ.

*ನೋಡಿದ್ದನ್ನು ಹೇಳಿ.* 10) ಮರ ಎಷ್ಟು ಕೆಜಿ ಜಾಸ್ತಿ ಆಯ್ತು? ಮಣ್ಣು ಕಡಿಮೆಯಾಗಿದ್ದು 1 ಕೆಜಿಗಿಂತ ಹೆಚ್ಚೋ ಕಡಿಮೆಯೋ?

*ಯಾಕೆ ಅಂತ ಹೇಳಿ.* 11) 'ಗಿಡ ಮಣ್ಣು ತಿಂದು ದಪ್ಪ ಆಗುತ್ತೆ' ಅನ್ನೋರಿಗೆ ಈ ಲೆಕ್ಕ ಇಟ್ಟುಕೊಂಡು ಎರಡು ವಾಕ್ಯದ ಉತ್ತರ ಕೊಡಿ.

*ಇನ್ನೂ ಯೋಚಿಸಿ.* 12) ಮರದ ತೂಕವೆಲ್ಲ ನೀರಿನಿಂದ ಬಂತು ಅಂತ ವ್ಯಾನ್ ಹೆಲ್ಮಾಂಟ್ ತೀರ್ಮಾನಿಸಿದ. ಅವನು ಎಲ್ಲಿ ಸರಿ? ಯಾವುದನ್ನು ಬಿಟ್ಟ? 13) ಆ 57 ಗ್ರಾಂ ಏನಿರಬಹುದು? ಹಾಗಾದರೆ ರೈತರು ಗೊಬ್ಬರ ಯಾಕೆ ಹಾಕುತ್ತಾರೆ?

ಎಲೆಯ ರಂಧ್ರ

14) *(ನೋಡಿ)* ಶಾಲೆ ಗೇಟಿನ ಹೊರಗಿನ ಹೊಂಗೆ ಮರದ ಒಂದು ಎಲೆಯನ್ನು ಬಿಳಿ ಕರ್ಚೀಫಿನಿಂದ ಒರೆಸಿ. ಮೆಟ್ರೋ ಕೆಲಸದ ಧೂಳು ಎಷ್ಟಿದೆ? 15) *(ಯಾಕೆ)* ಆ ಧೂಳಿನಿಂದ ಎಲೆಗೆ ಯಾವ ಎರಡು ಸಿಗೋದು ಕಡಿಮೆ ಆಗುತ್ತೆ? 16) *(ಯೋಚಿಸಿ)* ತುಂಬಾ ಗಿಡಗಳಲ್ಲಿ ಪತ್ರರಂಧ್ರ ಎಲೆಯ ಕೆಳಗಡೆ ಜಾಸ್ತಿ. ನೀರಿನ ಮೇಲೆ ತೇಲುವ ತಾವರೆ ಎಲೆಯಲ್ಲಿ ಎಲ್ಲಿರಬೇಕು? ಯಾಕೆ? 17) *(ಯೋಚಿಸಿ)* 'ರಾತ್ರಿ ಮಾತ್ರ ಮರ ಉಸಿರಾಡುತ್ತೆ' ಅಂತ ಅಜ್ಜಿ ಹೇಳುತ್ತಾರೆ. ಹಗಲು?

ಮಕ್ಕಳ ಹಾಳೆ ಇಲ್ಲಿಗೆ ಮುಗಿಯಿತು. ಮೇಡಂ, ಉತ್ತರಗಳು ನಿಮಗೆ ಗೊತ್ತೇ ಇವೆ, ಮಕ್ಕಳು ಎಡವೋ ಜಾಗ ಮಾತ್ರ ಹೇಳುತ್ತೇನೆ.

4ಕ್ಕೆ 'ಗಿಡ ಸುಸ್ತಾಗಲಿ ಅಂತ' ಅಂದರೆ ನಗಬೇಡಿ, ಅದು ಹತ್ತಿರದ ಉತ್ತರವೇ. ಎಲೆಯಲ್ಲಿ ಮೊದಲೇ ಕೂಡಿಟ್ಟ ಪಿಷ್ಟ ಖಾಲಿಯಾಗಲಿ ಅಂತ ಕತ್ತಲಲ್ಲಿ ಇಟ್ಟೆವು, ಇಲ್ಲಾಂದರೆ ಕಂಡ ಪಿಷ್ಟ ಹಳೆಯದೋ ಹೊಸದೋ ಗೊತ್ತಾಗಲ್ಲ. 6ರಲ್ಲಿ ಆ ಕತ್ತಲಲ್ಲಿಡುವ ಹೆಜ್ಜೆಯನ್ನೇ ಮರೆಯುತ್ತಾರೆ. 'ನಿನ್ನೆ ಮಾಡಿದ ಅನ್ನ ಪಾತ್ರೆಯಲ್ಲೇ ಇದ್ದರೆ ಇವತ್ತು ಅಡುಗೆ ಮಾಡಿದೀನಿ ಅಂತ ನಂಬ್ತೀಯಾ?' ಅಂತ ಕೇಳಿ, ತಟ್ಟನೆ ಹಿಡಿಯುತ್ತಾರೆ.

10 ಸಲೀಸು ಅನ್ನಿಸುತ್ತೆ, ಆದರೆ 77ರಿಂದ 2.3 ಕಳೆಯುವಾಗ ದಶಾಂಶದಲ್ಲಿ ಮುಗ್ಗರಿಸುತ್ತಾರೆ. 75 ಅಂದರೂ ಒಪ್ಪಿ, ಇದು ಗಣಿತದ ಪರೀಕ್ಷೆ ಅಲ್ಲ. 11ಕ್ಕೆ ಜಾಸ್ತಿ ಹೊತ್ತು ಕೊಡಿ. ದ್ಯುತಿಸಂಶ್ಲೇಷಣೆ ಎಂದರೇನು ಅಂತ ಕೇಳಿದರೆ ಇಡೀ ತರಗತಿ ಒಂದೇ ರಾಗದಲ್ಲಿ ಒಪ್ಪಿಸುತ್ತೆ, ಮರದ ತೂಕ ಎಲ್ಲಿಂದ ಬಂತು ಅಂದರೆ ಹೋದ ವರ್ಷ ಕೈ ಎತ್ತಿದವರೆಲ್ಲ 'ಮಣ್ಣಿಂದ' ಅಂದರು. 12ಕ್ಕೆ ಬೇಕಾದ ಮಾತು ಇಂಗಾಲದ ಡೈಆಕ್ಸೈಡ್. ಗಾಳಿಗೂ ತೂಕ ಇದೆ ಅನ್ನೋದನ್ನು ಯಾರೂ ನಂಬಲ್ಲ, ಸೈಕಲ್ ಟ್ಯೂಬ್ ಗಾಳಿ ತುಂಬೋ ಮುಂಚೆ, ತುಂಬಿದ ಮೇಲೆ ಲ್ಯಾಬಿನ ಡಿಜಿಟಲ್ ತಕ್ಕಡಿಯಲ್ಲಿಟ್ಟು ತೋರಿಸಿ. ಟ್ಯೂಬ್ ನನ್ನ ಬೀರುವಿನಲ್ಲಿದೆ. 13ಕ್ಕೆ ಖನಿಜಗಳು ಅಂದರೆ ಸಾಕು.

17ಕ್ಕೆ ಉಸಿರಾಟ ಹಗಲೂ ರಾತ್ರಿಯೂ ನಡೆಯುತ್ತೆ, ಹಗಲಲ್ಲಿ ದ್ಯುತಿಸಂಶ್ಲೇಷಣೆ ಜೋರಾಗಿರೋದರಿಂದ ಹೊರಗೆ ಆಮ್ಲಜನಕ ಬರೋದಷ್ಟೇ ತಿಳಿಯುತ್ತೆ. ಅಜ್ಜಿ ತಪ್ಪು ಅಂತ ಮಾತ್ರ ಹೇಳಬೇಡಿ, ಮರುದಿನ ಗೇಟಿನ ಹತ್ತಿರ ಅಜ್ಜಿಯೇ ಬಂದು ನಿಲ್ಲುತ್ತಾರೆ.

ಕಿಟಕಿ ಪಕ್ಕದ ಕೊನೇ ಬೆಂಚಿನ ಹುಡುಗ ಬರೆಯಲ್ಲ, ಆದರೆ 13ನ್ನು ಅವನಿಗೇ ಮೊದಲು ಕೇಳಿ. ಅವರ ಊರಲ್ಲಿ ತೊಗರಿ ಹೊಲಕ್ಕೆ ಯಾವ ಗೊಬ್ಬರ ಯಾವಾಗ ಹಾಕುತ್ತಾರೆ ಅಂತ ಅವನು ಹೇಳೋಕೆ ಶುರು ಮಾಡಿದರೆ ಬೆಲ್ ಹೊಡೆದರೂ ನಿಲ್ಲಿಸಲ್ಲ.