ವಿಷಯ: ಸಪೋರ್ಟ್, ಟೆಸ್ಟಿಂಗ್ ಎರಡಕ್ಕೂ ಅರ್ಜಿ ಹಾಕಿದ್ದೇನೆ, ಯಾವುದನ್ನು ಮುಂದಿಡಲಿ?

ಮೇಡಂ, ನಮಸ್ಕಾರ.

ನಾನು ಉಡುಪಿಯ ಸುಚಿತ್ರಾ. ನಿಮ್ಮ ಮಂಗಳೂರು ಆಫೀಸಿನ ಎರಡು ಕೆಲಸಗಳಿಗೆ ಅರ್ಜಿ ಹಾಕಿದ್ದೇನೆ. ಸೋಮವಾರ ಪ್ರಾಡಕ್ಟ್ ಸಪೋರ್ಟ್‌ಗೆ, ಬುಧವಾರ ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ. ಎರಡನೆಯದರ ಜಾಹೀರಾತು ನನ್ನ ಕಣ್ಣಿಗೆ ಬಿದ್ದದ್ದೇ ಬುಧವಾರ. ಒಂದೇ ಹೆಸರು ಎರಡು ಕಡೆ ಕಂಡರೆ, ಸಿಕ್ಕಿದ್ದಕ್ಕೆಲ್ಲ ಅರ್ಜಿ ಹಾಕುವವಳು ಅಂತ ಅನಿಸಬಹುದು ಅಲ್ವಾ? ಹಾಗಲ್ಲ ಎಂದು ನಾನೇ ಮೊದಲು ಹೇಳೋಣ ಅನಿಸಿತು.

ಮಣಿಪಾಲದ ಒಂದು ಸಣ್ಣ ಕಂಪನಿಯಲ್ಲಿ ಮೂರು ವರ್ಷದಿಂದ ಇದ್ದೇನೆ. ಸಹಕಾರಿ ಸಂಘಗಳ ಲೆಕ್ಕದ ಸಾಫ್ಟ್‌ವೇರ್ ನಮ್ಮದು. ನನ್ನ ಹುದ್ದೆ ಸಪೋರ್ಟ್. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಾಲ್ ಬರುತ್ತವೆ, ಜಾಸ್ತಿ ತುಳುವಿನಲ್ಲಿ. ಹಾಗಾಗಿ ರೆಸ್ಯೂಮೆ ನೋಡಿದರೆ ಸಪೋರ್ಟ್‌ಗೇ ಸರಿ ಎಂದು ಯಾರಾದರೂ ಹೇಳುತ್ತಾರೆ.

ಆದರೆ ನನ್ನ ಮನಸ್ಸು ಇರುವುದು ಟೆಸ್ಟಿಂಗ್‌ನಲ್ಲಿ. 2024ರ ಮಾರ್ಚಿನಲ್ಲಿ ಒಬ್ಬರು ಪಿಗ್ಮಿ ಏಜೆಂಟ್ ಕಾಲ್ ಮಾಡಿ, ಬಡ್ಡಿ ಲೆಕ್ಕ ಕೂಡಿಬರುತ್ತಿಲ್ಲ ಎಂದರು. ಫೆಬ್ರವರಿ 28, 29 ಮತ್ತು ಮಾರ್ಚ್ 1ಕ್ಕೆ ಒಂದೊಂದು ಎಂಟ್ರಿ ಹಾಕಿ ನೋಡಿದೆ. 29ರಂದು ಕಟ್ಟಿದ ಹಣ ಒಟ್ಟು ಮೊತ್ತಕ್ಕೆ ಸೇರುತ್ತಿತ್ತು, ಬಡ್ಡಿಗೆ ಸೇರುತ್ತಿರಲಿಲ್ಲ. ಏನು ಮಾಡಿದರೆ ತಪ್ಪು ಬರುತ್ತದೆ ಎಂದು ಒಂದೊಂದೇ ಹೆಜ್ಜೆ ಬರೆದುಕೊಟ್ಟೆ, ಡೆವಲಪರ್‌ಗಳು ಸರಿ ಮಾಡಿದರು. ಆಮೇಲೆ ಪ್ರತಿ ಅಪ್‌ಡೇಟ್ ಹೋಗುವ ಮೊದಲು ಬಡ್ಡಿಯ ಭಾಗವನ್ನು ನಾನೇ ನೋಡುತ್ತೇನೆ. ಟೆಸ್ಟ್ ಕೇಸ್ ಬರೆಯಲು, ಎಸ್‌ಕ್ಯೂಎಲ್‌ನಲ್ಲಿ ಡೇಟಾ ತೆಗೆದು ತಾಳೆ ನೋಡಲು ಕಲಿತದ್ದು ಹೀಗೆ. ಆಟೊಮೇಷನ್ ಮಾತ್ರ ಈಗಷ್ಟೇ ಕಲಿಯುತ್ತಿದ್ದೇನೆ. ನಿಮ್ಮ ಜಾಹೀರಾತಿನಲ್ಲಿ ಅದು ಇದ್ದರೆ ಒಳ್ಳೆಯದು ಅಂತ ಇದೆ, ಬೇಕೇ ಬೇಕು ಅಂತ ಇಲ್ಲ. ಆ ಧೈರ್ಯದಿಂದಲೇ ಅರ್ಜಿ ಹಾಕಿದೆ.

ನಿಮ್ಮಲ್ಲಿ ಕೇಳಬೇಕಾದದ್ದು ಇದು. ಆಟೊಮೇಷನ್ ಅನುಭವ ಇಲ್ಲದವರನ್ನು ಟೆಸ್ಟಿಂಗ್ ತಂಡ ನಿಜಕ್ಕೂ ಪರಿಗಣಿಸುತ್ತದೆಯೇ? ಹೌದಾದರೆ ಅದನ್ನೇ ನನ್ನ ಮೊದಲ ಆಯ್ಕೆ ಎಂದು ಇಟ್ಟುಕೊಳ್ಳಿ. ಇಲ್ಲವಾದರೆ ಸಪೋರ್ಟ್‌ನ ಅರ್ಜಿ ಮುಂದಕ್ಕೆ ಹೋಗಲಿ, ಆ ಕೆಲಸವನ್ನೂ ಪೂರ್ತಿ ಮನಸ್ಸಿನಿಂದಲೇ ಮಾಡುತ್ತೇನೆ. ಎರಡನ್ನೂ ಒಬ್ಬರೇ ಮ್ಯಾನೇಜರ್ ನೋಡುವುದಾದರೆ, ಅಥವಾ ಎರಡು ಅರ್ಜಿ ಇರುವುದರಿಂದ ನಿಮಗೆ ತೊಂದರೆಯಾಗುವುದಾದರೆ ತಿಳಿಸಿ, ಒಂದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಮ್ಮ ಮಾತು ಬರುವವರೆಗೆ ಎರಡನ್ನೂ ಹಾಗೇ ಬಿಟ್ಟಿರುತ್ತೇನೆ.

ಸಪೋರ್ಟ್‌ಗೆ ರಾತ್ರಿ ಪಾಳಿ ಇದೆ ಎಂದು ಓದಿದೆ. ಉಡುಪಿಯಿಂದ ದಿನಾ ಓಡಾಡಿಕೊಂಡು ಅದು ಆಗದು, ಬಿಜೈ ಕಡೆ ಪಿ.ಜಿ. ನೋಡಿಕೊಳ್ಳುತ್ತೇನೆ. ಮನೆಯಲ್ಲಿ ಮಾತಾಡಿ ಆಗಿದೆ. ನೋಟಿಸ್ ಅವಧಿ 60 ದಿನ.

ಸಂಜೆ ಆರೂವರೆಯ ನಂತರ ಫೋನ್ ಮಾಡಿದರೆ ಆರಾಮವಾಗಿ ಮಾತಾಡಬಹುದು. ನಂಬರ್ ರೆಸ್ಯೂಮೆಯಲ್ಲಿದೆ. ಮೇಲ್‌ನಲ್ಲಿ ಒಂದು ಸಾಲು ಬರೆದರೂ ಸಾಕು.

ವಂದನೆಗಳೊಂದಿಗೆ,
ಸುಚಿತ್ರಾ
ಉಡುಪಿ